ಬಂಗಾರಪೇಟೆಯ ಪಾನಿಯೂ ಎರಡನೇ ಅಂಗಡಿಯ ಲೆಕ್ಕವೂ

ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಸಂಜೆಯಾಗುತ್ತಿದ್ದಂತೆ 'ಬಂಗಾರಪೇಟೆ ಚಾಟ್ಸ್' ಎಂಬ ಬೋರ್ಡಿಗೆ ದೀಪ ಹತ್ತುತ್ತದೆ. ಬೀದಿ ಬೀದಿಗೂ ಅಂಗಡಿಯವರು ಬೇರೆ, ಬೋರ್ಡಿನ ಬಣ್ಣ ಬೇರೆ. ಒಳಗಿನ ಗುರುತು ಮಾತ್ರ ಒಂದೇ: ಹಸಿರಿಲ್ಲದ, ಕಂದಿಲ್ಲದ, ಲೋಟದಲ್ಲಿಟ್ಟರೆ ಕುಡಿಯುವ ನೀರಿನಂತೆ ತಿಳಿಯಾಗಿ ಕಾಣುವ ಪಾನಿ. ಬಾಯಿಗಿಟ್ಟ ಮೇಲಷ್ಟೇ ಅದರ ಖಾರವೂ ಹುಳಿಯೂ ತಿಳಿಯುವುದು. ಕೋಲಾರ ಜಿಲ್ಲೆಯ ಒಂದು ರೈಲು ಜಂಕ್ಷನ್ನಿನ ಹೆಸರು ರಾಜಧಾನಿಯಲ್ಲಿ ಒಂದು ರುಚಿಯ ಹೆಸರಾಗಿದೆ. ಈ ಹೆಸರು ಹರಡಿದ್ದಕ್ಕೆ ಯಾರೂ ಯಾರಿಗೂ ರಾಯಲ್ಟಿ ಕೊಟ್ಟಿಲ್ಲ, ಕೊಡಬೇಕಾಗಿಯೂ ಇಲ್ಲ.

ಈಗ ಬಂಗಾರಪೇಟೆಯಲ್ಲೇ ಒಂದು ಅಂಗಡಿಯನ್ನು ಹತ್ತಾರು ವರ್ಷ ನಡೆಸಿ, ಸಂಜೆಯ ಹೊತ್ತು ಕೈ ಬಿಡುವಿಲ್ಲದಷ್ಟು ಗಿರಾಕಿಗಳನ್ನು ಸಂಪಾದಿಸಿದವರೊಬ್ಬರನ್ನು ನೆನೆಯೋಣ. ಇಂಥವರ ಬಳಿಗೆ ಎರಡು ಬಗೆಯ ಜನ ಬರುತ್ತಾರೆ. ಒಬ್ಬರು ಕೆಜಿಎಫ್‌ನವರು: "ಅಣ್ಣಾ, ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಬ್ರಾಂಚ್ ಹಾಕಿ, ಪ್ಲೇಟಿಗೋಸ್ಕರ ಎಷ್ಟು ಸಲ ಇಲ್ಲಿಗೆ ಬರೋದು?" ಇನ್ನೊಬ್ಬರು ಬೆಂಗಳೂರಿನಿಂದ ಬಂದವರು, ಕೈಯಲ್ಲಿ ದುಡ್ಡಿರುವವರು: "ನಿಮ್ಮ ಹೆಸರು ಕೊಡಿ, ಕೈಗುಣ ಹೇಳಿಕೊಡಿ, ಅಂಗಡಿ ಖರ್ಚೆಲ್ಲ ನಂದು." ಮೊದಲನೆಯದು ಎರಡನೇ ಅಂಗಡಿ, ಎರಡನೆಯದು ಫ್ರಾಂಚೈಸಿ. ಒಂದರಲ್ಲಿ ಬಂಡವಾಳವೂ ನಮ್ಮದು, ನಷ್ಟವೂ ನಮ್ಮದು. ಇನ್ನೊಂದರಲ್ಲಿ ಬಂಡವಾಳ ಬೇರೆಯವರದು, ಆದರೆ ಗಿರಾಕಿ ಬೈಯುವುದು ನಮ್ಮ ಹೆಸರನ್ನೇ.

ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಬೇರೆಯದೊಂದನ್ನು ಕೇಳಬೇಕು. ಆ ಅಂಗಡಿಯವರ ಹತ್ತಿರ ಕೊಡಲಿಕ್ಕೆ ನಿಜವಾಗಿ ಇರುವುದೇನು?

ಹೆಸರು ಎಂದು ಹೇಳುವಂತಿಲ್ಲ. ಬಂಗಾರಪೇಟೆ ಎಂಬ ಹೆಸರು ಊರಿನದು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸರಕು ಅಥವಾ ಸೇವೆ ಯಾವ ಊರಿನದು ಎಂದಷ್ಟೇ ಹೇಳುವ ಪದವನ್ನು ಸಾಮಾನ್ಯವಾಗಿ ಒಬ್ಬರ ಹೆಸರಿಗೆ ನೋಂದಾಯಿಸಲು ಬರುವುದಿಲ್ಲ. ಊರಿನ ಹೆಸರಿನ ಜೊತೆಗೆ ಮನೆತನದ ಹೆಸರನ್ನೋ ತಮ್ಮದೇ ಒಂದು ಚಿತ್ರವನ್ನೋ ಸೇರಿಸಿ ನೋಂದಾಯಿಸಬಹುದು. ಹೋಟೆಲು, ತಿಂಡಿ ಅಂಗಡಿಗಳಿಗೆ ಅದು 43ನೇ ವರ್ಗ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಶುಲ್ಕ 4,500 ರೂಪಾಯಿ. ಒಮ್ಮೆ ಸಿಕ್ಕರೆ ಹತ್ತು ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು. ಅದನ್ನು ಮಾಡಿಸಿಕೊಳ್ಳಲೇಬೇಕು. ಆದರೆ ಅದು ಸಿಕ್ಕ ಮೇಲೂ ಎದುರು ಬೀದಿಯವರು 'ಬಂಗಾರಪೇಟೆ ಪಾನಿಪುರಿ' ಎಂದು ಬರೆದುಕೊಂಡರೆ ತಡೆಯಲಾಗುವುದಿಲ್ಲ. ಅಯ್ಯಂಗಾರ್ ಬೇಕರಿ, ದಾವಣಗೆರೆ ಬೆಣ್ಣೆ ದೋಸೆ, ಮದ್ದೂರು ವಡೆ, ಉಡುಪಿ ಹೋಟೆಲು ಎಲ್ಲದರ ಕಥೆಯೂ ಇದೇ. ಮೊದಲ ಅಂಗಡಿಯಲ್ಲಿ ಕೆಲಸ ಕಲಿತವನು ಹೊರಗೆ ಬಂದು ತನ್ನದೊಂದು ಹಾಕಿದ, ಅವನಲ್ಲಿ ಕಲಿತವನು ಮತ್ತೊಂದು ಹಾಕಿದ. ಹೆಸರು ಊರಿಗೋ ಸಮುದಾಯಕ್ಕೋ ಸೇರಿದ್ದರಿಂದ ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ.

ಹಾಗಿದ್ದಾಗ ಬೆಂಗಳೂರಿನವರು, ಮೂರು ಲಕ್ಷ ಎಂದಿಟ್ಟುಕೊಳ್ಳಿ, ಕೊಟ್ಟು ಕೊಳ್ಳುವುದು ಏನನ್ನು? ಹೆಸರಿಗಾದರೆ ದುಡ್ಡೇ ಬೇಕಿಲ್ಲ. ಅವರು ಕೊಳ್ಳುವುದು ಪಾನಿಯ ಹದವನ್ನು. ಅದನ್ನು ಕೊಡಲು ಬರುತ್ತದೆಯೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ನೀರು ಬದಲಾದರೆ

ತಿಳಿಪಾನಿಯಲ್ಲಿ ಬಚ್ಚಿಡಲು ಏನೂ ಇರುವುದಿಲ್ಲ. ಪುದೀನ, ಕೊತ್ತಂಬರಿ ಅರೆದು ಹಾಕಿದ ಹಸಿರು ಪಾನಿಯಲ್ಲಿ ಸೊಪ್ಪಿನ ವಾಸನೆಯೇ ಮುಂದಾಗಿ, ಹುಳಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆದುಹೋಗುತ್ತದೆ. ತಿಳಿಪಾನಿಯಲ್ಲಿ ಹಾಗಿಲ್ಲ. ಉಪ್ಪು, ಹುಳಿ, ಖಾರ ಮೂರರಲ್ಲಿ ಒಂದು ತಪ್ಪಿದರೂ ನಾಲಿಗೆಗೆ ಸಿಕ್ಕಿಬೀಳುತ್ತದೆ. ಮೂರನ್ನೂ ಬದಲಿಸುವ ನಾಲ್ಕನೆಯದೊಂದಿದೆ, ಅದು ನೀರೇ.

ಕೋಲಾರ ಜಿಲ್ಲೆಯಲ್ಲಿ ಸದಾ ಹರಿಯುವ ನದಿಯಿಲ್ಲ. ಸಾವಿರ ಅಡಿಗೂ ಆಳದ ಕೊಳವೆಬಾವಿಗಳ ಗಡಸು ನೀರನ್ನು ಜನ ದಶಕಗಳ ಕಾಲ ಬಳಸಿದ್ದಾರೆ. ಬಂಗಾರಪೇಟೆಗೆ ಈಗ ಯರಗೋಳ್ ಅಣೆಕಟ್ಟಿನ ನೀರಿನ ಯೋಜನೆಯೂ ಬಂದಿದೆ. 2023ರ ನವೆಂಬರಿನಲ್ಲಿ ಅದರ ಉದ್ಘಾಟನೆಯಾಯಿತು. ಕೆಜಿಎಫ್‌ಗೆ ಬ್ರಿಟಿಷರ ಕಾಲದಿಂದ ನೀರು ಬಂದದ್ದು ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ. ಬೆಂಗಳೂರಿನಲ್ಲಿ ಒಂದು ಬೀದಿಗೆ ಕಾವೇರಿ, ಮುಂದಿನ ಬೀದಿಗೆ ಟ್ಯಾಂಕರ್. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಹುಳಿಯನ್ನು ನುಂಗಿಹಾಕುತ್ತದೆ. ಆದ್ದರಿಂದ ಅದೇ ಅಳತೆಯ ನಿಂಬೆಹುಳಿ ಹಾಕಿದರೂ ಒಂದು ಊರಿನ ಪಾನಿ ಚುರುಕಾಗಿಯೂ ಇನ್ನೊಂದು ಊರಿನದು ಸಪ್ಪೆಯಾಗಿಯೂ ಇರುತ್ತದೆ. ಸಪ್ಪೆಯಾಯಿತೆಂದು ಕೆಲಸದ ಹುಡುಗ ಒಂದು ಹಿಡಿ ಉಪ್ಪು ಹೆಚ್ಚು ಹಾಕುತ್ತಾನೆ. ರುಚಿ ಕೆಡುವುದು ಅಲ್ಲಿಂದಲೇ. ನೀರು ಗಡಸೆಂದು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ.

ಇದಕ್ಕೆ ದಾರಿಯಿದೆ. ಎರಡೂ ಕಡೆ ಆರ್‌ಒ ಯಂತ್ರದ ನೀರನ್ನೇ ಬಳಸುವುದು, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರಿನಲ್ಲಿ ದಿನಾ ನೋಡುವುದು, ಒಂದು ಮಿತಿಯನ್ನು ಬರೆದಿಟ್ಟು ಅದಕ್ಕಿಂತ ಮೇಲೆ ಹೋದರೆ ಫಿಲ್ಟರ್ ಬದಲಿಸುವುದು. ಮೀಟರಿನ ಅಂಕಿ ಒಂದೇ ಇದ್ದ ಮಾತ್ರಕ್ಕೆ ಎರಡು ಊರಿನ ಕೊಳವೆಬಾವಿ ನೀರು ಒಂದೇ ಆಗುವುದಿಲ್ಲ, ಅದಕ್ಕೇ ಆರ್‌ಒ ನೀರು ಎಂದದ್ದು.

ನೀರಾದ ಮೇಲೆ ಕೈ. ಇಂಥ ಅಂಗಡಿಗಳಲ್ಲಿ ಪಾನಿಯ ಮಸಾಲೆಯನ್ನು ಸಾಮಾನ್ಯವಾಗಿ ಮನೆಯವರೇ, ಹೆಚ್ಚಾಗಿ ಯಜಮಾನರ ಹೆಂಡತಿಯೋ ತಾಯಿಯೋ ಮಾಡುತ್ತಾರೆ. ಅಳತೆ ಕೇಳಿದರೆ "ಒಂದು ಹಿಡಿ, ಒಂದು ಚಿಟಿಕೆ, ನೋಡ್ಕೊಂಡು ಹಾಕೋದು" ಎನ್ನುತ್ತಾರೆ. ಹತ್ತು ದಿನ ಅವರ ಪಕ್ಕದಲ್ಲಿ ತಕ್ಕಡಿ ಇಟ್ಟು, ಅವರು ಕೈಗೆ ತೆಗೆದುಕೊಂಡದ್ದನ್ನು ಹಾಕುವ ಮೊದಲು ತೂಗಿ ಬರೆದುಕೊಳ್ಳಬೇಕು. ಅವರ ಅಭ್ಯಾಸವನ್ನು ತಿದ್ದಬಾರದು, ತೂಗಬೇಕು ಅಷ್ಟೇ. ಹತ್ತು ದಿನದ ಹಿಡಿಗಳ ತೂಕ ಹೆಚ್ಚುಕಡಿಮೆ ಒಂದೇ ಬಂದರೆ ಸರಾಸರಿಯನ್ನು ಗ್ರಾಮಿನಲ್ಲಿ ಬರೆದಿಡಬಹುದು. ಒಂದು ದಿನ 40 ಗ್ರಾಮ್, ಇನ್ನೊಂದು ದಿನ 65 ಗ್ರಾಮ್ ಬಂದೂ ರುಚಿ ಒಂದೇ ಇದ್ದರೆ, ಆಕೆ ಆ ದಿನದ ಮೆಣಸಿನಕಾಯಿಯ ಖಾರ ನೋಡಿ ಹಾಕುತ್ತಿದ್ದಾರೆ ಎಂದರ್ಥ. ಆಗ ಮೆಣಸಿನಕಾಯಿಯನ್ನು ಒಂದೇ ಕಡೆಯಿಂದ, ಒಂದೇ ಜಾತಿಯದನ್ನು ಕೊಳ್ಳುವವರೆಗೆ ಎರಡನೇ ಅಂಗಡಿಯ ಮಾತೇ ಎತ್ತಬಾರದು.

ಹೀಗೆ ತೂಕಕ್ಕೆ ಸಿಕ್ಕಿದ ಮೇಲೆ ಬೇರೆಯವರಿಗೆ ಅಳತೆ ಹೇಳಿಕೊಡುವ ಅಗತ್ಯವೂ ಬೀಳುವುದಿಲ್ಲ. ಒಣ ಮಸಾಲೆಯನ್ನು ಬಂಗಾರಪೇಟೆಯಲ್ಲೇ ಬೆರೆಸಿ ಪೊಟ್ಟಣ ಕಟ್ಟಿ, 'ಇಷ್ಟು ಲೀಟರ್ ಆರ್‌ಒ ನೀರಿಗೆ ಒಂದು ಪೊಟ್ಟಣ' ಎಂದು ಬರೆದು ಕಳಿಸಿದರೆ ಸಾಕು. ಹಸಿ ಮೆಣಸಿನಕಾಯಿ, ನಿಂಬೆ ಬೆರೆತ ಪಾನಿಯನ್ನು ಮಾತ್ರ ಅಲ್ಲಲ್ಲೇ ಆಯಾ ದಿನ ಕಲಸಬೇಕು. ಹಿಂದಿನ ದಿನ ಮಿಕ್ಕದ್ದು ಹುಳಿತು ಮಬ್ಬಾಗುತ್ತದೆ, ತಿಳಿಪಾನಿಯಲ್ಲಿ ಆ ಮಬ್ಬು ಕಣ್ಣಿಗೇ ಕಾಣುತ್ತದೆ. ಬೆಂದ ಬಟಾಣಿ ಮಸಾಲೆ ಸಾಗಿಸುವುದಿದ್ದರೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವೆ ಉಗುರುಬೆಚ್ಚಗೆ ಆಟೋದಲ್ಲಿ ಮುಕ್ಕಾಲು ಗಂಟೆ ಕೂತರೆ ಸಂಜೆ ಏಳಕ್ಕೆ ವಾಸನೆ ಬಂದರೂ ಬಂತು. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪಾನಿಪುರಿಯ ಮಾದರಿಗಳನ್ನು ಪರೀಕ್ಷಿಸಿ ಕೆಲವುಗಳಲ್ಲಿ ಕೃತಕ ಬಣ್ಣ ಕಂಡಾಗ ಬಣ್ಣವಿಲ್ಲದ ಪಾನಿಯವರಿಗೆ ಹೇಳಿಕೊಳ್ಳಲು ಒಂದು ಮಾತು ಸಿಕ್ಕಿತು. ಆ ಮಾತನ್ನು ಉಳಿಸಿಕೊಳ್ಳುವುದು ಎರಡನೇ ಅಡುಗೆಮನೆಯಲ್ಲೂ ಸಾಧ್ಯವಾಗಬೇಕು.

ಮೊದಲ ಅಂಗಡಿಯ ಲಾಭ ಎಷ್ಟು, ನಿಜವಾಗಿ?

ಈಗ ದುಡ್ಡಿನ ಮಾತು. ಲೆಕ್ಕಕ್ಕಾಗಿ ಒಂದು ಅಂಗಡಿಯನ್ನು ಇಟ್ಟುಕೊಳ್ಳುತ್ತೇನೆ. ಅಂಕಿಗಳು ಉದಾಹರಣೆಯವು, ಓದುವವರು ತಮ್ಮ ಪುಸ್ತಕದ ಅಂಕಿಗಳನ್ನು ಆ ಜಾಗದಲ್ಲಿಟ್ಟು ನೋಡಬೇಕು.

ದಿನಕ್ಕೆ 300 ಪ್ಲೇಟ್, ಸರಾಸರಿ 40 ರೂಪಾಯಿ, ತಿಂಗಳಿಗೆ 28 ದಿನ. ವ್ಯಾಪಾರ 3,36,000 ರೂಪಾಯಿ. ಸಾಮಾನಿಗೆ ನೂರಕ್ಕೆ 35ರಂತೆ 1,17,600 ಹೋಗುತ್ತದೆ. ಕೆಲಸದವರ ಸಂಬಳ 62,000, ಬಾಡಿಗೆ 18,000, ಗ್ಯಾಸು ಕರೆಂಟು ನೀರು ಎಲ್ಲ ಸೇರಿ 22,000. ವರ್ಷದ ವ್ಯಾಪಾರ 20 ಲಕ್ಷ ದಾಟಿರುವುದರಿಂದ ಜಿಎಸ್‌ಟಿ ನೋಂದಣಿ ಇರಬೇಕು. ಕಾಂಪೊಸಿಷನ್‌ನಲ್ಲಿದ್ದರೆ ನೂರಕ್ಕೆ 5ರಂತೆ 16,800. ಇಷ್ಟೆಲ್ಲ ಕಳೆದು ಗಲ್ಲಾದಲ್ಲಿ ಉಳಿಯುವುದು 99,600. ಯಜಮಾನರು ಇದನ್ನು "ತಿಂಗಳಿಗೆ ಲಕ್ಷ ಲಾಭ" ಎನ್ನುತ್ತಾರೆ, ಎರಡನೇ ಅಂಗಡಿಯಿಂದ ಇನ್ನೊಂದು ಲಕ್ಷ ಬರುತ್ತದೆ ಎಂದುಕೊಳ್ಳುತ್ತಾರೆ.

ಆ ಲಕ್ಷದಲ್ಲಿ ಯಜಮಾನರು ಬೆಳಗ್ಗೆಯಿಂದ ರಾತ್ರಿವರೆಗೆ ನಿಂತ ಕೂಲಿ ಇದೆ. ಮನೆಯಾಕೆ ಬೆಳಗಿನ ಜಾವ ಮಸಾಲೆ ಹುರಿದ ಕೂಲಿಯೂ ಇದೆ. ಆ ಕೆಲಸಕ್ಕೆ ಹೊರಗಿನವರನ್ನು ಇಟ್ಟಿದ್ದರೆ ಒಬ್ಬರಿಗೆ 30,000, ಇನ್ನೊಬ್ಬರಿಗೆ 20,000 ಕೊಡಬೇಕಿತ್ತು. ಅದನ್ನು ಕಳೆದರೆ ಅಂಗಡಿ ಎಂಬ ಅಂಗಡಿ ದುಡಿದದ್ದು 49,600 ಮಾತ್ರ. ಎರಡನೇ ಅಂಗಡಿಯಲ್ಲಿ ಆ ಇಬ್ಬರೂ ಇರುವುದಿಲ್ಲ. ಮೊದಲ ಅಂಗಡಿಯನ್ನು ಹೀಗೆ ಬಿಡಿಸಿ ನೋಡದೆ ಹಾಕಿದ ಬ್ರಾಂಚುಗಳೇ ಒಂದೆರಡು ವರ್ಷದಲ್ಲಿ ಶಟರ್ ಎಳೆದುಕೊಳ್ಳುವುದು.

ರಾಬರ್ಟ್‌ಸನ್‌ಪೇಟೆಯ ಸಂಜೆ

ಬಂಗಾರಪೇಟೆಯಿಂದ ಕೆಜಿಎಫ್ ಹತ್ತಿರದ ಊರು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹಾಕಿದ ರೈಲು ಹಳಿ ಗಣಿಗಾಗಿಯೇ ಹುಟ್ಟಿದ್ದು. 2011ರ ಜನಗಣತಿಯಲ್ಲಿ ಬಂಗಾರಪೇಟೆಯ ಜನಸಂಖ್ಯೆ ಸುಮಾರು 45 ಸಾವಿರ, ಕೆಜಿಎಫ್‌ನದು ಒಂದೂವರೆ ಲಕ್ಷಕ್ಕೂ ಹೆಚ್ಚು. ಅಂಕಿ ನೋಡಿದರೆ ಮೂರು ಪಟ್ಟು ದೊಡ್ಡ ಊರು, ಮೂರು ಪಟ್ಟು ಗಿರಾಕಿ ಎನಿಸುತ್ತದೆ. ಆದರೆ ಆ ಊರಿನ ದಿನಚರಿ ಬೇರೆ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ದುಡಿಯುವ ಸಾವಿರಾರು ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಬರುತ್ತಾರೆ. ಪಾನಿಪುರಿಯ ವ್ಯಾಪಾರ ಸಂಜೆ ನಾಲ್ಕರಿಂದ ಎಂಟರವರೆಗಿನದು. ಆ ಹೊತ್ತಿಗೆ ಸಂಬಳ ತರುವ ಕೈ ಇನ್ನೂ ರೈಲಿನಲ್ಲಿರುತ್ತದೆ.

ಹಾಗಾಗಿ ಅಂಗಡಿ ಎಲ್ಲಿ ಎಂಬುದು ಊರಿಗಿಂತ ದೊಡ್ಡ ಪ್ರಶ್ನೆ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಬಳಿ ಹೆಂಗಸರು, ಕಾಲೇಜಿನ ಮಕ್ಕಳು ಸಂಜೆ ಸಿಗುತ್ತಾರೆ. ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳ ಬಳಿ ಜನ ರಾತ್ರಿ ಇಳಿಯುತ್ತಾರೆ, ಆದರೆ ಮನೆಗೆ ಹೋಗುವ ಅವಸರದಲ್ಲಿರುತ್ತಾರೆ, ಪಾರ್ಸೆಲ್ ಕೇಳುತ್ತಾರೆ. ಪಾರ್ಸೆಲ್ ಹೋದ ಪೂರಿ ಮನೆ ಮುಟ್ಟುವ ಹೊತ್ತಿಗೆ ಗರಿಮುರಿ ಕಳೆದುಕೊಂಡಿರಬಹುದು. ಅಂಗಡಿ ನೋಡಲು ಹೋದವರು ಬಾಡಿಗೆ ಕೇಳುವ ಮೊದಲು ಆ ಜಾಗದಲ್ಲಿ ಒಂದು ಮಂಗಳವಾರ, ಒಂದು ಭಾನುವಾರ ನಾಲ್ಕರಿಂದ ಎಂಟರವರೆಗೆ ಕೂತು, ನಿಂತು ತಿನ್ನುವವರನ್ನು ಎಣಿಸಬೇಕು. ತಿಂಗಳ ಮೊದಲ ವಾರ ಒಮ್ಮೆ, 25ರ ಮೇಲೆ ಒಮ್ಮೆ. ಸಂಬಳದ ವಾರದ ಎಣಿಕೆಯನ್ನು ಮಾತ್ರ ನಂಬಿ ಅಡ್ವಾನ್ಸ್ ಕೊಟ್ಟವರು ತಿಂಗಳ ಕೊನೆಯನ್ನು ನೋಡಿರುವುದಿಲ್ಲ. ಕೌಂಟರಿನಲ್ಲಿ ನಿಲ್ಲುವವನಿಗೆ ಕನ್ನಡದ ಜೊತೆ ತಮಿಳು ಬಾರದಿದ್ದರೆ ಕೆಜಿಎಫ್‌ನಲ್ಲಿ ಅಂಗಡಿ ನಡೆಯುವುದೂ ಕಷ್ಟ.

ಲೆಕ್ಕಕ್ಕೆ ಬರೋಣ. ಬಾಡಿಗೆ 25,000, ಮ್ಯಾನೇಜರ್‌ಗೆ 25,000, ಮೂವರು ಕೆಲಸದವರಿಗೆ 45,000, ಗ್ಯಾಸು ಕರೆಂಟು ನೀರಿಗೆ 16,000, ಬಂಗಾರಪೇಟೆಯಿಂದ ಸಾಮಾನು ಸಾಗಿಸಲು 9,000. ಒಂದು ಪ್ಲೇಟೂ ಮಾರದಿದ್ದರೂ ತಿಂಗಳಿಗೆ 1,20,000 ಹೋಗುತ್ತದೆ. ಮಾರಿದ ಪ್ರತಿ ನೂರು ರೂಪಾಯಿಯಲ್ಲಿ ಸಾಮಾನು 37, ತೆರಿಗೆ 5, ಹಾಳಾಗುವುದು 3, ಒಟ್ಟು 45 ಹೋಗಿ 55 ಉಳಿಯುತ್ತದೆ. ಹಾಕಿದ್ದು ಹಾಕಿದಷ್ಟಕ್ಕೆ ಸರಿಹೋಗಲು ತಿಂಗಳಿಗೆ ಸುಮಾರು 2,18,000 ವ್ಯಾಪಾರ ಬೇಕು, ಅಂದರೆ ದಿನಕ್ಕೆ 195 ಪ್ಲೇಟ್. ಎಣಿಸಲು ಕೂತವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಅಂಕಿ ಇದು.

ದಿನಕ್ಕೆ 250 ಪ್ಲೇಟ್ ಹೋಯಿತೆನ್ನೋಣ. ವ್ಯಾಪಾರ 2,80,000, ಅದರಲ್ಲಿ 55ರಂತೆ 1,54,000, ಖರ್ಚು ಕಳೆದು ಕೈಗೆ 34,000. ಅಂಗಡಿ ಸಜ್ಜುಮಾಡಲು ಆರು ಲಕ್ಷ ಹಾಕಿದ್ದರೆ ಒಂದೂವರೆ ವರ್ಷದಲ್ಲಿ ಹಿಂದಕ್ಕೆ ಬರುತ್ತದೆ. ಅಡ್ವಾನ್ಸ್ ಬೇರೆ, ಅದು ಬಿಟ್ಟಾಗ ವಾಪಸು ಬರುವ ದುಡ್ಡು.

ಇಲ್ಲಿಗೆ ಲೆಕ್ಕ ಮುಗಿಯಿತು ಎನ್ನುವವರು ಮೊದಲ ಅಂಗಡಿಯನ್ನು ಮರೆತಿರುತ್ತಾರೆ. ಯಜಮಾನರು ವಾರಕ್ಕೆ ಮೂರು ದಿನ ಕೆಜಿಎಫ್‌ನಲ್ಲಿದ್ದರೆ ಬಂಗಾರಪೇಟೆಯ ಗಲ್ಲಾದಲ್ಲಿ ಅವರಿರುವುದಿಲ್ಲ. ಕೆಜಿಎಫ್‌ನಿಂದ ಬರುತ್ತಿದ್ದವರೂ ಇನ್ನು ಬರುವುದಿಲ್ಲ. ಮುನ್ನೂರು ಪ್ಲೇಟು 270ಕ್ಕೆ ಇಳಿದರೆ ತಿಂಗಳಿಗೆ 33,600 ವ್ಯಾಪಾರ ಕಡಿಮೆ; ಅದರಲ್ಲಿ ಸಾಮಾನು, ತೆರಿಗೆ ಉಳಿದರೂ 20,160 ಲಾಭ ಹೋಯಿತು. ಎರಡನೇ ಅಂಗಡಿ ತಂದ 34,000ದಲ್ಲಿ ಅದನ್ನು ಕಳೆದರೆ ಉಳಿದದ್ದು 13,840. ಆರು ಲಕ್ಷ ವಾಪಸು ಬರಲು ಈಗ ಮೂರೂವರೆ ವರ್ಷ ದಾಟುತ್ತದೆ. ದಿನಕ್ಕೆ ಮೂವತ್ತು ಪ್ಲೇಟಿನ ಇಳಿತ, ಅಂಗಡಿಯಲ್ಲಿ ನಿಂತವರ ಕಣ್ಣಿಗೂ ಬೀಳದಷ್ಟು ಸಣ್ಣದು. ಎರಡನೇ ಅಂಗಡಿಯ ಹಣೆಬರಹ ಮೊದಲ ಅಂಗಡಿಯಲ್ಲೇ ಬರೆಯಲ್ಪಡುತ್ತದೆ ಎಂದು ನಾನು ನಂಬಿರುವುದು ಈ ಅಂಕಿಯಿಂದ.

ಬೆಂಗಳೂರಿನವರ ಮಾತು

ಫ್ರಾಂಚೈಸಿಯಲ್ಲಿ ಬಂಡವಾಳವಿಲ್ಲ, ಬರುವುದೆಲ್ಲ ಲಾಭ ಎನಿಸುತ್ತದೆ. ಅದೇ 2,80,000 ವ್ಯಾಪಾರದ ಅಂಗಡಿಯನ್ನು ಬೇರೆಯವರು ನಡೆಸಿ ನೂರಕ್ಕೆ 5ರಂತೆ ರಾಯಲ್ಟಿ ಕೊಟ್ಟರೆ ತಿಂಗಳಿಗೆ 14,000, ಜೊತೆಗೆ ಮೊದಲೇ ಕೊಟ್ಟ ಮೂರು ಲಕ್ಷ. ಸ್ವಂತ ಅಂಗಡಿಯ 13,840ಕ್ಕೆ ಇದು ಸರಿಸಮ, ಅದೂ ಆರು ಲಕ್ಷ ಹಾಕದೆ. ಹಾಗಿದ್ದರೆ ಯೋಚಿಸುವುದೇನಿದೆ?

ಯೋಚಿಸಬೇಕಾದ್ದು ಆ 14,000ವನ್ನು ಕಾಯುವವರಾರು ಎಂಬುದನ್ನು. ಆ ಅಂಗಡಿಯಲ್ಲಿ ಆರ್‌ಒ ನೀರನ್ನೇ ಬಳಸುತ್ತಿದ್ದಾರೆಯೇ, ಪೊಟ್ಟಣಕ್ಕೆ ಹೇಳಿದಷ್ಟೇ ನೀರು ಬೆರೆಸುತ್ತಿದ್ದಾರೆಯೇ, ಮಾರಿದ್ದನ್ನೆಲ್ಲ ಬರೆಯುತ್ತಿದ್ದಾರೆಯೇ ಎಂದು ಯಾರಾದರೂ ತಿಂಗಳಿಗೆ ಎರಡು ಮೂರು ಸಲ ಹೇಳದೆ ಹೋಗಿ ನೋಡಬೇಕು. ಅಂಥವರೊಬ್ಬರಿಗೆ ಸಂಬಳ 25,000, ಓಡಾಟಕ್ಕೆ 8,000 ಎಂದರೆ 33,000. ಎರಡು ಅಂಗಡಿಯ ರಾಯಲ್ಟಿ ಅದಕ್ಕೆ ಸಾಲದು. ಮೂರನೆಯದು ಬಂದ ಮೇಲೆ ಉಳಿತಾಯ ಶುರು. ಒಂದೇ ಒಂದು ಫ್ರಾಂಚೈಸಿ ಕೊಡುವುದೆಂದರೆ ಯಜಮಾನರೇ ಬೆಂಗಳೂರಿಗೆ ಅಲೆಯುವುದು, ಇಲ್ಲವೇ ಯಾರೂ ನೋಡದಿರುವುದು. ವ್ಯಾಪಾರ ಬಚ್ಚಿಟ್ಟಿದ್ದಾರೋ ಎಂದು ತಿಳಿಯಲು ಒಂದು ಸುಲಭ ದಾರಿಯಿದೆ: ಅವರು ಕೊಂಡ ಮಸಾಲೆ ಪೊಟ್ಟಣಗಳ ಲೆಕ್ಕ. ನೂರು ಪ್ಲೇಟಿಗೆ ಒಂದು ಪೊಟ್ಟಣ ಬೇಕಿದ್ದು, ತಿಂಗಳಿಗೆ 70 ಕೊಂಡು 5,000 ಪ್ಲೇಟಿನ ಲೆಕ್ಕ ತೋರಿಸಿದರೆ ಎರಡು ಸಾವಿರ ಪ್ಲೇಟು ಎಲ್ಲಿ ಹೋದವು ಎಂದು ಕೇಳಬಹುದು. 7,000 ಪ್ಲೇಟು ತೋರಿಸಿ 50 ಪೊಟ್ಟಣವಷ್ಟೇ ಕೊಂಡಿದ್ದರೆ ಅದು ಇನ್ನೂ ಕೆಟ್ಟದ್ದು, ಪಾನಿ ತೆಳುವಾಗಿದೆ ಅಥವಾ ಮಸಾಲೆ ಬೇರೆಯವರದು.

ತೆರಿಗೆಯಲ್ಲೂ ಒಂದು ಗಂಟಿದೆ. ರಾಯಲ್ಟಿಯ ಮೇಲೆ ನೂರಕ್ಕೆ 18 ಜಿಎಸ್‌ಟಿ. ತಿಂಡಿ ಅಂಗಡಿ ಕಟ್ಟುವ ನೂರಕ್ಕೆ 5ರ ತೆರಿಗೆಯಲ್ಲಿ ಇದನ್ನು ವಜಾ ಮಾಡಿಕೊಳ್ಳಲು ಬರುವುದಿಲ್ಲ. ಹಾಗಾಗಿ ಫ್ರಾಂಚೈಸಿ ಪಡೆದವರಿಗೆ 14,000 ಎಂಬುದು 16,520 ಆಗುತ್ತದೆ. ಕಾಂಪೊಸಿಷನ್‌ನಲ್ಲಿರುವ ಯಜಮಾನರು ಬಿಲ್ಲಿನಲ್ಲಿ ತೆರಿಗೆ ವಸೂಲಿ ಮಾಡುವಂತಿಲ್ಲ, ಹೊರರಾಜ್ಯಕ್ಕೆ ಸರಕು ಕಳಿಸುವಂತಿಲ್ಲ. ಬಂಗಾರಪೇಟೆಯಿಂದ ಅದೇ ಹಳಿಯ ಮೇಲಿರುವ ಕುಪ್ಪಂ ಆಂಧ್ರದ್ದು. ಅಲ್ಲಿಗೆ ಮಸಾಲೆ ಪೊಟ್ಟಣ ಕಳಿಸಿದರೂ ಆ ಸೌಲಭ್ಯ ಬಿಟ್ಟಂತೆ. ಸಹಿಗೆ ಮೊದಲು ಲೆಕ್ಕಪರಿಶೋಧಕರ ಬಳಿ ಇದನ್ನು ಬಿಡಿಸಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡದು, ಬಿಟ್ಟುಹೋಗುವವರ ಪ್ರಶ್ನೆ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಒಂದು ಕಾಯ್ದೆಯಿಲ್ಲ, ಒಪ್ಪಂದವೇ ಆಧಾರ. 1872ರ ಕರಾರು ಕಾಯ್ದೆಯ 27ನೇ ಕಲಮು ಯಾರನ್ನೂ ವ್ಯಾಪಾರ ಮಾಡದಂತೆ ಕಟ್ಟಿಹಾಕುವ ಕರಾರನ್ನು ಒಪ್ಪುವುದಿಲ್ಲ. ಒಪ್ಪಂದ ನಡೆಯುತ್ತಿರುವಾಗ ಬೇರೆ ಪಾನಿಪುರಿ ಮಾರಬಾರದು ಎನ್ನಬಹುದು. ಮುಗಿದ ಮೇಲೆ ಮೂರು ವರ್ಷ ಈ ವ್ಯಾಪಾರವೇ ಮಾಡಬಾರದು ಎಂದು ಬರೆದರೆ ಅದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಎರಡು ವರ್ಷ ಕಲಿತವರು ನಮ್ಮ ಬೋರ್ಡು ಇಳಿಸಿ, 'ಬಂಗಾರಪೇಟೆ ಚಾಟ್ಸ್' ಎಂದೇ ಬೇರೆ ಬೋರ್ಡು ಏರಿಸಿ, ಅದೇ ಬಾಗಿಲಲ್ಲಿ ನಿಲ್ಲಬಹುದು. ಗಿರಾಕಿಗೆ ವ್ಯತ್ಯಾಸವೇ ತಿಳಿಯದು. ಬೇರೆ ವ್ಯಾಪಾರದಲ್ಲಿ ಹೆಸರಾದರೂ ಕಾಯುತ್ತದೆ, ಬಂಗಾರಪೇಟೆಯ ಪಾನಿಯಲ್ಲಿ ಹೆಸರು ಮೊದಲಿನಿಂದಲೂ ಎಲ್ಲರದು. ಕೈಯಲ್ಲಿ ಉಳಿಯುವುದು ಪೊಟ್ಟಣದೊಳಗಿನ ತೂಕ ಒಂದೇ.

ನಡುವಿನ ಒಂದು ದಾರಿ

ಉಡುಪಿಯ ಹೋಟೆಲಿನವರು ಫ್ರಾಂಚೈಸಿ ಎಂಬ ಪದ ಕೇಳುವ ಮೊದಲೇ ಒಂದು ಉಪಾಯ ಕಂಡುಕೊಂಡಿದ್ದರು. ನಂಬಿಕೆಯ ಕೆಲಸಗಾರನನ್ನೋ ನೆಂಟರ ಹುಡುಗನನ್ನೋ ಹೊಸ ಹೋಟೆಲಿನಲ್ಲಿ ಪಾಲಿಗೆ ಕೂರಿಸುವುದು. ನಮ್ಮ ಲೆಕ್ಕದಲ್ಲಿ ಅದನ್ನಿಟ್ಟು ನೋಡಿ. ಮ್ಯಾನೇಜರ್‌ಗೆ 25,000 ಸಂಬಳದ ಬದಲು 15,000 ಸಂಬಳ, ಲಾಭದಲ್ಲಿ ನಾಲ್ಕನೇ ಒಂದು ಪಾಲು. ತಿಂಗಳ ಕಟ್ಟುಖರ್ಚು 1,10,000ಕ್ಕೆ ಇಳಿಯುತ್ತದೆ. 195ರ ಬದಲು 179 ಪ್ಲೇಟಿಗೆ ಸರಿಹೋಗುತ್ತದೆ. ದಿನಕ್ಕೆ 250 ಪ್ಲೇಟು ಹೋದರೆ ಲಾಭ 44,000. ಅವನಿಗೆ 11,000 ಸೇರಿ ಒಟ್ಟು 26,000, ಯಜಮಾನರಿಗೆ 33,000. ಮೊದಲಿನದಕ್ಕಿಂತ ಒಂದು ಸಾವಿರವಷ್ಟೇ ಕಡಿಮೆ. ದಿನಕ್ಕೆ 200 ಪ್ಲೇಟಿಗೆ ಇಳಿದರೆ ಸಂಬಳದ ಲೆಕ್ಕದಲ್ಲಿ ಯಜಮಾನರಿಗೆ 3,200 ಉಳಿಯುತ್ತಿತ್ತು, ಪಾಲಿನ ಲೆಕ್ಕದಲ್ಲಿ 9,900 ಉಳಿಯುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಯಜಮಾನರು ವಾರಕ್ಕೆ ಮೂರು ದಿನ ಕೆಜಿಎಫ್‌ಗೆ ಹೋಗಬೇಕಾಗಿಲ್ಲ. ಅಲ್ಲಿ ಮಬ್ಬಾದ ಪಾನಿಯನ್ನು ಚೆಲ್ಲುವ ಮನಸ್ಸು ಇನ್ನೊಬ್ಬನಿಗೂ ಬಂದಿರುತ್ತದೆ. ಹೋಗಬೇಕಾಗಿಲ್ಲ ಎಂದರೆ ಆ ಮೂವತ್ತು ಪ್ಲೇಟಿನ ಸೋರಿಕೆಯಲ್ಲಿ ದೊಡ್ಡ ಪಾಲು ನಿಂತಿತು. ಲಾಭದ ಪಾಲು ಕೊಟ್ಟ ಮಾತ್ರಕ್ಕೆ ಅವನು ಕಾನೂನಿನಲ್ಲಿ ಪಾಲುದಾರನಾಗುವುದಿಲ್ಲ, ಆದರೂ ಪತ್ರದಲ್ಲಿ ಅದನ್ನು ಸ್ಪಷ್ಟವಾಗಿ ಬರೆಸಬೇಕು. ಅಂಗಡಿಯ ಬಾಡಿಗೆ ಕರಾರು, ಬೋರ್ಡಿನ ಮೇಲಿನ ಫೋನ್ ನಂಬರು ಎರಡೂ ಯಜಮಾನರ ಹೆಸರಿನಲ್ಲೇ ಇರಲಿ. ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಪ್ರತಿ ಜಾಗಕ್ಕೂ ಬೇರೆ ಬೇಕು. ಬಂಗಾರಪೇಟೆಯ ನಂಬರನ್ನು ರಾಬರ್ಟ್‌ಸನ್‌ಪೇಟೆಯ ಗೋಡೆಗೆ ಅಂಟಿಸುವಂತಿಲ್ಲ.

ನನ್ನ ತೀರ್ಮಾನ ಇದು. ಬಂಗಾರಪೇಟೆಯಲ್ಲಿ ಗೆದ್ದ ಒಂಟಿ ಅಂಗಡಿಯವರು ಮೊದಲು ಬೆಂಗಳೂರಿಗೆ ಹೆಸರು ಕೊಡಬಾರದು. ಹತ್ತಿರದ ಕೆಜಿಎಫ್‌ನಲ್ಲಿ, ಪಾಲಿಗೆ ಕೂರಿಸಿದ ಕೆಲಸಗಾರನೊಬ್ಬನ ಕೈಯಲ್ಲಿ, ಮಸಾಲೆಯನ್ನು ತಮ್ಮ ಅಡುಗೆಮನೆಯಲ್ಲೇ ಉಳಿಸಿಕೊಂಡು ಎರಡನೆಯದನ್ನು ಹಾಕಬೇಕು. ಒಂದು ಬೇಸಿಗೆ, ಒಂದು ಮಳೆಗಾಲ ದಾಟಿ ಒಂದೂವರೆ ವರ್ಷ ಅದು ನಡೆದು, ಎರಡೂ ಕಡೆಯ ಪಾನಿ ಒಂದೇ ರುಚಿಯಿದ್ದರೆ, ಆಗ ಅವರ ಹತ್ತಿರ ಮೂರನೆಯವರಿಗೆ ಕೊಡುವಂಥದ್ದು ಏನೋ ಇದೆ ಎಂದಾಯಿತು. ನಡೆಯದಿದ್ದರೆ ಹೋದದ್ದು ಆರು ಲಕ್ಷ. ದೊಡ್ಡ ಮೊತ್ತವೇ, ಆದರೂ ಬೆಂಗಳೂರಿನ ಐದು ಬೀದಿಗಳಲ್ಲಿ ಹೆಸರು ಕೆಡುವುದಕ್ಕಿಂತ ಕಡಿಮೆ ನಷ್ಟ.

ಮೊದಲ ಅಂಗಡಿ ಇದಕ್ಕೆ ಸಿದ್ಧವಿದೆಯೇ ಎಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಕೆಜಿಎಫ್‌ನ ಅಂಗಡಿ ಮಾಲೀಕರಿಗೆ ಅಡ್ವಾನ್ಸ್ ಕೊಡುವ ಮೊದಲು, ನೀವೂ ಮನೆಯಾಕೆಯೂ ಹದಿನೈದು ದಿನ ನಿಮ್ಮ ಅಂಗಡಿಗೆ ಹೋಗಬೇಡಿ, ಫೋನೂ ಮಾಡಬೇಡಿ. ಹದಿನಾರನೇ ದಿನ ಹೋಗಿ ಮೊದಲು ಒಂದು ಪೂರಿ ತಿನ್ನಿ, ಆಮೇಲೆ ಗಲ್ಲಾದ ಪುಸ್ತಕ ತೆರೆಯಿರಿ.